ದೊಡ್ಡ ಹೋಳೆಲ್ಲ ದುಂದಲ್ಲ

ಪ್ರಶ್ನೆ: ನಾವು ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಇಬ್ಬರು ಮಕ್ಕಳು. ನಮ್ಮ ಮನೆಯವರು ವಸಂತನರಸಾಪುರದ ಕಾರ್ಖಾನೆಗೆ ದಿನಾ ಬೈಕಿನಲ್ಲಿ ಹೋಗಿಬರುತ್ತಾರೆ, ಕೈಗೆ ಬರುವ ಸಂಬಳ ₹46,000. ಅತ್ತೆ ಗುಬ್ಬಿಯಲ್ಲಿದ್ದಾರೆ, ನನ್ನ ತವರು ಕುಣಿಗಲ್. ಮೈದುನ ಇವರ ಮೊಬೈಲಿಗೆ ಖರ್ಚಿನ ಲೆಕ್ಕದ ಆ್ಯಪ್ ಹಾಕಿಕೊಟ್ಟ ಮೇಲೆ ತಿಂಗಳಿಗೊಂದು ಬಣ್ಣದ ಚಕ್ರದ ಸ್ಕ್ರೀನ್‌ಶಾಟ್ ನನ್ನ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಜೂನ್‌ನಲ್ಲಿ ಅಡುಗೆಮನೆಯ ಹೋಳು ಶೇ 28 ಇತ್ತು. ಜುಲೈನಲ್ಲಿ ಶೇ 30 ಆಯಿತು. "ಮೊದಲೇ ಎಲ್ಲಕ್ಕಿಂತ ದೊಡ್ಡದು, ಈಗ ಇನ್ನೂ ಏರಿದೆ, ಸ್ವಲ್ಪ ಕೈ ಬಿಗಿ ಹಿಡಿ" ಅನ್ನುತ್ತಾರೆ. ನಾನು ಒಂದು ರೂಪಾಯಿಯನ್ನೂ ಹೆಚ್ಚಿಗೆ ಖರ್ಚು ಮಾಡಿಲ್ಲ. ಚಿತ್ರ ಸುಳ್ಳು ಹೇಳುತ್ತದೆಯೇ? ಎರಡೂ ಸ್ಕ್ರೀನ್‌ಶಾಟ್, ಪಾಸ್‌ಬುಕ್ಕಿನ ಪ್ರತಿ ಕಳಿಸಿದ್ದೇನೆ.
— ಹೆಸರು ಬೇಡ, ತುಮಕೂರು

ಉತ್ತರ: ಚಿತ್ರ ಸುಳ್ಳು ಹೇಳಿಲ್ಲಮ್ಮ, ನೀವೂ ಹೇಳಿಲ್ಲ. ಆ ಚಕ್ರ ಒಟ್ಟು ಖರ್ಚಿನಲ್ಲಿ ಯಾವುದರ ಪಾಲು ಎಷ್ಟು ಎಂದಷ್ಟೇ ತೋರಿಸುತ್ತದೆ, ಎಷ್ಟು ರೂಪಾಯಿ ಹೋಯಿತೆಂದು ಹೇಳುವುದಿಲ್ಲ. ನಿಮ್ಮಿಬ್ಬರ ಜಗಳ ಹುಟ್ಟಿದ್ದು ಈ ವ್ಯತ್ಯಾಸದಲ್ಲೇ. ಹಾಗಾಗಿ ಮೊದಲು ಹೋಳುಗಳನ್ನು ರೂಪಾಯಿಗೆ ಇಳಿಸೋಣ.

ಜೂನ್ ಚಿತ್ರದ ಮೇಲ್ತುದಿ ಕತ್ತರಿಸಿಹೋಗಿ ಒಟ್ಟು ಮೊತ್ತ ಕಾಣುತ್ತಿಲ್ಲ. ಪರವಾಗಿಲ್ಲ. ಯಾವುದಾದರೂ ಒಂದು ಹೋಳಿನ ಮೊತ್ತ ಖಚಿತವಾಗಿ ಗೊತ್ತಿದ್ದರೆ ಸಾಕು. ನಿಮ್ಮ ಮನೆ ಬಾಡಿಗೆ ₹9,000, ಚಿತ್ರದಲ್ಲಿ ಅದು ಶೇ 18. ಒಂಬತ್ತು ಸಾವಿರವನ್ನು 18ರಿಂದ ಭಾಗಿಸಿದರೆ 500. ಅಂದರೆ ಆ ತಿಂಗಳು ಶೇಕಡಾ ಒಂದರ ಬೆಲೆ ₹500, ಒಟ್ಟು ಖರ್ಚು ₹50,000. ಒಂದೇ ಹೋಳನ್ನು ನಂಬಿ ಕೂರಬೇಡಿ, ಇನ್ನೊಂದರಿಂದ ತಾಳೆ ನೋಡಿ. ಸಾಲದ ಕಂತು ₹5,600. ಅದನ್ನು 500ರಿಂದ ಭಾಗಿಸಿದರೆ 11.2. ಚಿತ್ರದಲ್ಲಿ 11 ಎಂದಿದೆ, ಸರಿಹೋಯಿತು.

ಆದರೆ ಆ್ಯಪ್ ಹತ್ತಿರದ ಪೂರ್ಣಾಂಕ ಮಾತ್ರ ತೋರಿಸುತ್ತದೆ. ಬಾಡಿಗೆಯ ಪಾಲು ನಿಜಕ್ಕೂ 17.5 ಇದ್ದಿರಬಹುದು, 18.4 ಇದ್ದಿರಬಹುದು. ಆಗ ಒಟ್ಟು ಖರ್ಚು ಸುಮಾರು ₹48,900ರಿಂದ ₹51,400ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಖಚಿತ ಉತ್ತರ ಪಾಸ್‌ಬುಕ್ಕಿನಲ್ಲಿದೆ. ಜೂನ್ ಆರಂಭದಲ್ಲಿ ಖಾತೆಯಲ್ಲಿದ್ದದ್ದು ₹11,300. ಅದಕ್ಕೆ ಸಂಬಳ ₹46,000 ಸೇರಿಸಿ, ಕೊನೆಯಲ್ಲಿ ಉಳಿದ ₹7,300 ಕಳೆದರೆ ಸರಿಯಾಗಿ ₹50,000. ಬಂದದ್ದಕ್ಕಿಂತ ₹4,000 ಹೆಚ್ಚು ಹೋಗಿದೆ. ಚಕ್ರ ಇದನ್ನು ಎಂದೂ ತೋರಿಸಲಾರದು. ಖರ್ಚು ಸಂಬಳದೊಳಗಿದ್ದರೂ ಮೀರಿದರೂ ಚಕ್ರ ನೂರಕ್ಕೇ ತುಂಬಿರುತ್ತದೆ.

ಈಗ ಪ್ರತಿ ಶೇಕಡಾವನ್ನೂ 500ರಿಂದ ಗುಣಿಸಿದರೆ ಅಡುಗೆಮನೆ ₹14,000, ಬಾಡಿಗೆ ₹9,000, ಇತರೆ ₹7,500, ಶಾಲೆ ₹7,000, ಪೆಟ್ರೋಲ್ ₹4,500. ಕಂತು ಗೊತ್ತೇ ಇರುವ ₹5,600. ಇವುಗಳ ಜೊತೆ ಸಂಖ್ಯೆಯೇ ಬರೆಯದ ಒಂದು ಸಣ್ಣ ಹೋಳಿದೆ. ಉಳಿದವುಗಳ ಮೊತ್ತ 95 ಆದ್ದರಿಂದ ಇದು ಶೇ 5 ಇರಬೇಕು. ಅನುಮಾನವಿದ್ದರೆ ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟು ನೋಡಿ. ಇಡೀ ಚಕ್ರ 360 ಡಿಗ್ರಿ, ಹಾಗಾಗಿ 3.6 ಡಿಗ್ರಿಗೆ ಶೇಕಡಾ ಒಂದು. ನಾನು ಅಳೆದಾಗ 17 ಡಿಗ್ರಿ ಬಂತು, ಅಂದರೆ ಶೇ 4.7. ಗ್ಯಾಸ್, ಮೊಬೈಲ್, ಇಂಟರ್ನೆಟ್ ಸೇರಿ ಸುಮಾರು ₹2,400. ಅಳೆಯುವ ಮುನ್ನ ಚಕ್ರದ ಅಗಲ, ಎತ್ತರ ಎರಡೂ ಒಂದೇ ಇದೆಯೇ ಎಂದು ಸ್ಕೇಲಿನಲ್ಲಿ ನೋಡಿಕೊಳ್ಳಿ. ಚಿತ್ರ ಎಳೆದು ಮೊಟ್ಟೆಯಾಕಾರವಾಗಿದ್ದರೆ ಕೋನ ತಪ್ಪುತ್ತದೆ. ತಟ್ಟೆಯನ್ನು ಓರೆಯಾಗಿಟ್ಟಂತೆ ದಪ್ಪ ಅಂಚಿನಲ್ಲಿ ಬರೆದ ಚಕ್ರವನ್ನಂತೂ ಅಳೆಯಲೇಬೇಡಿ, ಅದರಲ್ಲಿ ಮುಂದಿರುವ ಹೋಳು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ಜುಲೈ. ಪಾಸ್‌ಬುಕ್ ಪ್ರಕಾರ ಆ ತಿಂಗಳ ಖರ್ಚು ₹47,000, ಅಂದರೆ ಶೇಕಡಾ ಒಂದಕ್ಕೆ ₹470. ಅಡುಗೆಮನೆಯ 30ನ್ನು 470ರಿಂದ ಗುಣಿಸಿದರೆ ₹14,100. ಅಲ್ಲಿಯೂ ಪೂರ್ಣಾಂಕದ ಸಡಿಲವಿದೆ. ಅದೇ ₹14,000ವನ್ನು 470ರಿಂದ ಭಾಗಿಸಿದರೆ 29.8 ಬರುತ್ತದೆ, ಆ್ಯಪ್ ಅದನ್ನು 30 ಎಂದು ಬರೆದಿದೆ. ನಿಮ್ಮ ಅಡುಗೆಮನೆ ಏರಿಲ್ಲ. ಇಳಿದದ್ದು ಶಾಲೆಯ ಹೋಳು. ಜೂನ್‌ನಲ್ಲಿ ಪುಸ್ತಕ, ಸಮವಸ್ತ್ರಕ್ಕೆಂದು ಒಂದೇ ಸಲ ಹೋದ ₹3,000 ಜುಲೈನಲ್ಲಿ ಇರಲಿಲ್ಲ. ಒಂದು ಹೋಳು ಕುಗ್ಗಿದರೆ ಅದು ಬಿಟ್ಟ ಜಾಗವನ್ನು ಉಳಿದವು ತುಂಬಲೇಬೇಕು. ನೋಡಿ, ಬಾಡಿಗೆಯೂ 18ರಿಂದ 19ಕ್ಕೆ ಏರಿದೆ, ಕಂತು 11ರಿಂದ 12 ಆಗಿದೆ. ಮನೆ ಮಾಲೀಕರು ಬಾಡಿಗೆ ಏರಿಸಲಿಲ್ಲ, ಅಲ್ಲವೇ? ಜುಲೈ ಚಿತ್ರದ ಸಂಖ್ಯೆಗಳನ್ನು ಕೂಡಿದರೆ 101 ಬರುತ್ತದೆ, ಅದಕ್ಕೂ ಗಾಬರಿ ಬೇಡ. ಅದೂ ಪೂರ್ಣಾಂಕಕ್ಕೆ ಇಳಿಸಿದ್ದರಿಂದ ಬಂದದ್ದು.

ಹಾಗಾದರೆ ಹದ ಮೀರಿದ ಹೋಳು ಯಾವುದು? ಅದನ್ನು ಪಕ್ಕದ ಹೋಳಿಗೆ ಹೋಲಿಸಿ ಹೇಳಲಾಗದು. ಊಟದ ಹೋಳು ಪೆಟ್ರೋಲಿನದಕ್ಕಿಂತ ದೊಡ್ಡದಿರುವುದು ಸಹಜ. ಪ್ರತಿ ಮೊತ್ತವನ್ನೂ ಅದಕ್ಕೆ ತಕ್ಕ ಅಳತೆಯಿಂದ ಭಾಗಿಸಬೇಕು: ಊಟವನ್ನು ತಲೆಗಳಿಂದ, ಪೆಟ್ರೋಲನ್ನು ಕಿಲೋಮೀಟರಿನಿಂದ, ವರ್ಷಕ್ಕೊಮ್ಮೆ ಬರುವುದನ್ನು ಹನ್ನೆರಡು ತಿಂಗಳಿಂದ. ಶಾಲೆಯ ಆ ₹3,000 ಹೀಗೆ ಹಂಚಿದರೆ ತಿಂಗಳಿಗೆ ₹250, ಅಷ್ಟೇ.

ಅದಕ್ಕೂ ಮುಂಚೆ 'ಇತರೆ'ಯನ್ನು ಬಿಚ್ಚಬೇಕು. ಆ್ಯಪ್‌ಗೆ ಅರ್ಥವಾಗದ್ದೆಲ್ಲ ಅಲ್ಲಿ ಬಿದ್ದಿರುತ್ತದೆ. ನಿಮ್ಮ ₹7,500ರಲ್ಲಿ ಅತ್ತೆಯವರ ಔಷಧಿಗೆಂದು ಗುಬ್ಬಿಗೆ ಕಳಿಸಿದ್ದು ₹3,000, ಚೀಟಿಗೆ ಕಟ್ಟಿದ್ದು ₹2,000, ಎಟಿಎಂನಿಂದ ತೆಗೆದು ತರಕಾರಿಗೆ ಕೊಟ್ಟ ನಗದು ₹1,500. ನಿಜವಾಗಿ ಚಿಲ್ಲರೆಯಾಗಿ ಹೋದದ್ದು ₹1,000 ಮಾತ್ರ. ಚೀಟಿ ಖರ್ಚಲ್ಲ, ಉಳಿತಾಯ. ತರಕಾರಿ ಸೇರಬೇಕಾದ್ದು ಅಡುಗೆಮನೆಗೆ. ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ನಿಮ್ಮ ಹೋಳು ₹14,000 ಅಲ್ಲ, ₹15,500. ಅದನ್ನು ಮುಚ್ಚಿಡಬೇಡಿ.

ಆ ಮೊತ್ತ ಹೆಚ್ಚೇ? ನಾಲ್ಕು ಜನರಿಗೆ ಹಂಚಿದರೆ ತಲೆಗೆ ₹3,875. ಮೂರು ಹೊತ್ತಿನ ಊಟ, ತಿಂಡಿ, ಹಾಲು ಎಲ್ಲ ಸೇರಿ ದಿನಕ್ಕೆ ₹130ರ ಒಳಗೇ. ಹೋಲಿಸಲು ಹೊರಗಿನ ಒಂದು ಅಳತೆಯೂ ಇದೆ. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ನಗರವಾಸಿಗಳ ಬಳಕೆಯ ಖರ್ಚಿನಲ್ಲಿ ಆಹಾರದ ಪಾಲು ಸುಮಾರು ಶೇ 40, ಹಳ್ಳಿಗಳಲ್ಲಿ ಸುಮಾರು ಶೇ 47. ಆ ಸಮೀಕ್ಷೆ ಸಾಲದ ಕಂತು, ಉಳಿತಾಯಗಳನ್ನು ಬಳಕೆಯೆಂದು ಎಣಿಸುವುದಿಲ್ಲ. ನಾವೂ ಜುಲೈನ ₹47,000ದಿಂದ ಕಂತು, ಚೀಟಿ, ಗುಬ್ಬಿಗೆ ಕಳಿಸಿದ್ದು ಮೂರನ್ನೂ ಕಳೆಯೋಣ. ಉಳಿದದ್ದು ₹36,400. ಅದರಲ್ಲಿ ₹15,500 ಎಂದರೆ ಸುಮಾರು ಶೇ 43. ನಗರದ ಸರಾಸರಿಗಿಂತ ಸ್ವಲ್ಪ ಮೇಲೆ, ಬೆಳೆಯುವ ಇಬ್ಬರು ಮಕ್ಕಳಿರುವ ಮನೆಗೆ ಇದು ಹದ ಮೀರಿದ್ದಲ್ಲ. ಆದರೆ ಸರಾಸರಿ ಎನ್ನುವುದು ಹೋಲಿಕೆಗೆ ಮಾತ್ರ, ಇಷ್ಟೇ ಇರಬೇಕೆಂಬ ಕಟ್ಟಳೆಯಲ್ಲ. ಗುಬ್ಬಿಯಿಂದ ರಾಗಿ, ತೆಂಗಿನಕಾಯಿ ಬರುವ ಮನೆಗೂ ಎಲ್ಲವನ್ನೂ ಅಂಗಡಿಯಿಂದ ತರುವ ಮನೆಗೂ ಲೆಕ್ಕ ಒಂದೇ ಆಗದು.

ಈಗ ಪೆಟ್ರೋಲ್. ಜೂನ್ ಚಕ್ರದಲ್ಲಿ ಅದು ಶೇ 9, ಯಾರ ಕಣ್ಣಿಗೂ ಬೀಳದ ಹೋಳು. ಕಾರ್ಖಾನೆಗೆ ಹೋಗಿಬರಲು ದಿನಕ್ಕೆ 36 ಕಿ.ಮೀ. ಎಂದಿದ್ದೀರಿ. ಇಪ್ಪತ್ತೈದು ದಿನಕ್ಕೆ 900. ಅತ್ತೆಯವರನ್ನು ನೋಡಲು ವಾರಕ್ಕೊಮ್ಮೆ ಗುಬ್ಬಿಗೆ ಹೋಗಿಬರುವುದು ಸುಮಾರು 40ರಂತೆ 160. ಒಟ್ಟು 1,060 ಕಿ.ಮೀ. ಕುಣಿಗಲ್‌ಗೆ ನೀವು ಮಕ್ಕಳೊಂದಿಗೆ ಬಸ್ಸಿನಲ್ಲಿ ಹೋಗುತ್ತೀರಿ. ಶಕ್ತಿ ಯೋಜನೆಯಲ್ಲಿ ನಿಮಗೂ ಮಗಳಿಗೂ ಟಿಕೆಟ್ ಇಲ್ಲ, ಮಗನ ಅರ್ಧ ಟಿಕೆಟ್ ಮಾತ್ರ. ಬೈಕು ಲೀಟರಿಗೆ 45 ಕಿ.ಮೀ. ಕೊಡುತ್ತದೆ, ಪೆಟ್ರೋಲ್ ಲೀಟರಿಗೆ ₹103 ಎಂದಿಟ್ಟುಕೊಂಡರೆ ಬೇಕಾದದ್ದು ಇಪ್ಪತ್ತನಾಲ್ಕು ಲೀಟರಿಗಿಂತ ಕಡಿಮೆ, ಸುಮಾರು ₹2,430. ಹೋಗಿರುವುದು ₹4,500. ಅದೂ ಎರಡೂ ತಿಂಗಳು. ನಿಮ್ಮ ಮನೆಯ ಲೆಕ್ಕದಲ್ಲಿ ಹದ ಮೀರಿದ ಹೋಳು ಇದೇ, ತಿಂಗಳಿಗೆ ಎರಡು ಸಾವಿರದಷ್ಟು.

ಆದರೆ ಇದನ್ನು ಹಿಡಿದುಕೊಂಡು ತಿರುಗಿ ಬೀಳಬೇಡಿ, ಕಾರಣ ಇನ್ನೂ ಗೊತ್ತಾಗಿಲ್ಲ. ಅಷ್ಟೂ ಹಣ ಪೆಟ್ರೋಲಿಗೇ ಹೋಗಿದ್ದರೆ ಬೈಕು ಲೀಟರಿಗೆ 24 ಕಿ.ಮೀ. ಮಾತ್ರ ಕೊಡುತ್ತಿದೆ ಎಂದಾಗುತ್ತದೆ. ಸಾಧಾರಣ ಬೈಕಿಗೆ ಅದು ತೀರಾ ಕಡಿಮೆ. ಹಾಗಿದ್ದರೆ ಒಂದೋ ಬೈಕಿಗೆ ರಿಪೇರಿ ಬೇಕು, ಇಲ್ಲವೇ ಬೇರೆ ಓಡಾಟವಿದೆ, ಅಥವಾ ಬಂಕಿನ ಪಕ್ಕದ ಹೋಟೆಲಿನಲ್ಲಿ ಕೊಟ್ಟ ಹಣವನ್ನೂ ಆ್ಯಪ್ ಪೆಟ್ರೋಲಿಗೇ ಸೇರಿಸಿದೆ. ತಿಳಿಯಲು ದಾರಿ ಸುಲಭ. ಒಮ್ಮೆ ಟ್ಯಾಂಕ್ ತುಂಬಿಸಿ ಮೀಟರಿನ ಕಿಲೋಮೀಟರ್ ಬರೆದಿಟ್ಟುಕೊಳ್ಳಲಿ. ಮುಂದಿನ ಸಲ ಮತ್ತೆ ತುಂಬಿಸಿದಾಗ ಹಿಡಿದಷ್ಟು ಲೀಟರಿನಿಂದ ನಡುವೆ ಓಡಿದ ಕಿಲೋಮೀಟರನ್ನು ಭಾಗಿಸಲಿ. ನಲವತ್ತರ ಆಸುಪಾಸು ಬಂದರೆ ಬೈಕು ಸರಿಯಿದೆ. ಆಗ ಇಬ್ಬರೂ ಒಟ್ಟಿಗೆ ಕೂತು ಆ ಹೋಳಿನ ಪಾವತಿಗಳನ್ನು ಒಂದೊಂದಾಗಿ ಓದಿ.

ಜುಲೈನಲ್ಲಿ ಸಂಬಳಕ್ಕಿಂತ ಹೆಚ್ಚು ಹೋದದ್ದು ₹1,000, ಪೆಟ್ರೋಲಿನಲ್ಲಿ ಲೆಕ್ಕ ಸಿಗದ್ದು ಅದರ ಎರಡರಷ್ಟು. ಇದೊಂದು ಸರಿಹೋದರೆ ಅಡುಗೆಮನೆಯಲ್ಲಿ ಯಾರೂ ಕೈ ಬಿಗಿ ಹಿಡಿಯದೆ ತಿಂಗಳು ಸಂಬಳದೊಳಗೆ ಮುಗಿಯುತ್ತದೆ. ಇನ್ನು ಮುಂದೆ ಸ್ಕ್ರೀನ್‌ಶಾಟ್ ಬಂದ ದಿನ ಮಾತಿಗೆ ಮುಂಚೆ ಪಾಸ್‌ಬುಕ್ ನೋಡಿ, ಆ ತಿಂಗಳು ಶೇಕಡಾ ಒಂದಕ್ಕೆ ಎಷ್ಟು ರೂಪಾಯಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರ ಎದುರಿಗೂ ಇಡಿ. ಆಮೇಲೆ ಮಾತಾಡಿ.