ಉತಾರ ಎಂದು ಕೇಳಿದವನಿಗೆ ಪಹಣಿ ಸಿಗುವುದೆಂತು?

ರೋಣ, ನರಗುಂದ, ಗಜೇಂದ್ರಗಡಗಳ ರೈತನು ತನ್ನ ಹೊಲದ ಕಾಗದವನ್ನು 'ಉತಾರ'ವೆಂದು ಕರೆಯುತ್ತಾನೆ. ಈ ಸೀಮೆಯು 1956ರವರೆಗೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದುದರಿಂದ ಮರಾಠಿಯ ಆ ಮಾತು ಇಲ್ಲಿ ಉಳಿದಿದೆ. ಕಚೇರಿಯಾದರೋ ಅದನ್ನೇ 'ಪಹಣಿ' ಅಥವಾ 'ಆರ್‌ಟಿಸಿ' ಎನ್ನುತ್ತದೆ. ಭೂಮಿ ಯೋಜನೆಯಿಂದ ಈ ದಾಖಲೆಗಳು ಗಣಕಯಂತ್ರಕ್ಕೆ ಏರಿದ ಮೇಲೆ ಈ ಭೇದಕ್ಕೆ ಹೊಸದೊಂದು ಪರಿಣಾಮ ಬಂದಿದೆ. ಗುಮಾಸ್ತನು ಎರಡೂ ಮಾತುಗಳನ್ನು ಬಲ್ಲನು, ಯಂತ್ರವು ಹಾಗಲ್ಲ.

ಸಹಾಯಪುಟವೊಂದಕ್ಕೆ 'ಪೌತಿ ಖಾತೆ ಪ್ರಕ್ರಿಯೆ' ಎಂಬ ಶೀರ್ಷಿಕೆಯಿದೆಯೆಂದು ಭಾವಿಸೋಣ. ರೈತನ ತೊಂದರೆಯೋ, "ಅಪ್ಪ ತೀರಿಹ್ವಾದ್ರು, ಉತಾರದಾಗ ಇನ್ನೂ ಅವ್ರ ಹೆಸರ ಐತಿ" ಎಂಬುದು. ತನಗೆ ಬೇಕಾದುದರ ಹೆಸರು ಪೌತಿ ಎಂಬುದು ಅವನಿಗೆ ತಿಳಿದಿದ್ದರೆ ಅರ್ಧ ಉತ್ತರವೇ ಸಿಕ್ಕಂತೆ! ತಾಣದೊಳಗಿನ ಸರಳ ಹುಡುಕುಯಂತ್ರವು ಪುಸ್ತಕದ ಕೊನೆಯ ಪದಸೂಚಿಯಂತೆ ಕೆಲಸ ಮಾಡುತ್ತದೆ: ಯಾವ ಪದ ಯಾವ ಪುಟದಲ್ಲಿದೆಯೆಂಬ ಪಟ್ಟಿಯನ್ನು ಇಟ್ಟುಕೊಂಡು, ಶೀರ್ಷಿಕೆಯ ಪದಕ್ಕೆ ಸಾಮಾನ್ಯವಾಗಿ ಹೆಚ್ಚು ತೂಕ ಕೊಡುತ್ತದೆ. ರೈತನ ಪ್ರಶ್ನೆಯ ಒಂದು ಪದವೂ ಪುಟದಲ್ಲಿಲ್ಲವಾದರೆ ಫಲ ಶೂನ್ಯ. ಹೊರಗಿನ ದೊಡ್ಡ ಹುಡುಕುತಾಣಗಳು ಸಮಾನಾರ್ಥಗಳನ್ನು ಕೆಲಮಟ್ಟಿಗೆ ಊಹಿಸಬಲ್ಲವು. ಪ್ರಾಂತೀಯ ಮಾತಿನಲ್ಲಿ ಆ ಊಹೆಯನ್ನು ನೆಚ್ಚುವಂತಿಲ್ಲ.

ಆದುದರಿಂದ ಶೀರ್ಷಿಕೆಯನ್ನು ಹೀಗೆ ಬದಲಿಸೋಣ: 'ಉತಾರ: ಅಪ್ಪ ತೀರಿಕೊಂಡ ಮೇಲೂ ಅವರ ಹೆಸರೇ ಇದೆ, ಏನು ಮಾಡಬೇಕು?' ಪಹಣಿ, ಆರ್‌ಟಿಸಿ, ಪೌತಿ, ವಾರಸಾ ಎಂಬ ಮಾತುಗಳನ್ನು ಮೊದಲ ವಾಕ್ಯದಲ್ಲಿ ತರೋಣ. ಎಲ್ಲವನ್ನೂ ಶೀರ್ಷಿಕೆಯಲ್ಲೇ ತುಂಬಿದರೆ ಅದು ಓದಲು ಬಾರದ ಪದಗಳ ಗಂಟಾಗುವುದು. 'ಹೆಸರಿನ ಅಕ್ಷರ ತಪ್ಪಾಗಿದೆ' ಎಂಬುದು ಬೇರೆಯೇ ತೊಂದರೆ. ಅದಕ್ಕೆ ಬೇರೆ ಪುಟವೇ ಬೇಕು.

'ಉತಾರ' ಎಂಬ ಮೂಲರೂಪವನ್ನು ಮುಂದಿಟ್ಟುದಕ್ಕೆ ಕಾರಣವುಂಟು. ಪ್ರತ್ಯಯಗಳನ್ನು ಕಳಚಲರಿಯದ ಯಂತ್ರಕ್ಕೆ 'ಉತಾರ', 'ಉತಾರದಲ್ಲಿ', 'ಉತಾರದಾಗ' ಇವು ಮೂರು ಬೇರೆ ಪದಗಳು. ಇನ್ನೊಂದು ಕಾಣದ ತೊಡಕೂ ಇದೆ. 'ಆರ್‌ಟಿಸಿ' ಎಂಬಲ್ಲಿ ರ್ ಮತ್ತು ಟಿ ಕೂಡಿಕೊಳ್ಳದಂತೆ ತಡೆಯುವ ಅದೃಶ್ಯ ಸಂಕೇತವೊಂದು ನಡುವೆ ಅಡಗಿರುತ್ತದೆ. ಅದನ್ನು ಒತ್ತದೆ ಬೆರಳಚ್ಚಿಸಿದರೆ 'ಆರ್ಟಿಸಿ' ಎಂದಾಗಿ, ಯಂತ್ರವು ಎರಡನ್ನೂ ಬೇರೆಯೆಂದೇ ಎಣಿಸಬಹುದು. ರೋಮನ್ ಲಿಪಿಯಲ್ಲಿ `utara` ಎಂದು ಬರೆದವನನ್ನು 'ಉತ್ತರ'ದ ಕಡೆಗೆ ಕಳುಹಿಸುವ ಸಂಭವವೂ ಇಲ್ಲದಿಲ್ಲ.

ಜನರ ಮಾತನ್ನು ಊಹಿಸಿ ಬರೆಯತಕ್ಕದ್ದಲ್ಲ. ಕಿಟಕಿಯ ಬಳಿ ಕೇಳಿದ ಪ್ರಶ್ನೆಗಳನ್ನು ಆಡಿದಂತೆಯೇ ಗುರುತುಹಾಕಿಕೊಳ್ಳಬೇಕು. ಫಲವೇ ದೊರೆಯದ ಹುಡುಕಾಟಗಳ ಪಟ್ಟಿಯನ್ನು ತಾಣದಿಂದ ತೆಗೆದು ನೋಡಬೇಕು. ಶೀರ್ಷಿಕೆ ಬದಲಿಸಿದ ತರುವಾಯ ಅವೇ ಪ್ರಶ್ನೆಗಳನ್ನು ಮತ್ತೆ ಹಾಕಬೇಕು. ಪುಟವು ಮೊದಲ ಮೂರರೊಳಗೆ ಬಾರದಿದ್ದರೆ ಯಾವ ಪದ ತಪ್ಪಿಹೋಯಿತೆಂದು ಹುಡುಕಬೇಕು. ಪುಟ ಬಂದರೂ, ಓದಿದವರು ಅದೇ ಪ್ರಶ್ನೆಯೊಡನೆ ಕಿಟಕಿಗೆ ಮರಳುತ್ತಿದ್ದರೆ ದೋಷವು ಶೀರ್ಷಿಕೆಯಲ್ಲಿಲ್ಲ, ಒಳಗಿನ ಬರಹದಲ್ಲಿದೆ.