ದೊಡ್ಡ ವಿಭಾಗಕ್ಕೆ ಮೊದಲು ಜಾಗ

ಪ್ರಶ್ನೆ: ನಾನು ಬಳ್ಳಾರಿಯವನು. ಅಚ್ಯುತಾಪುರಂ ವಿಶೇಷ ಆರ್ಥಿಕ ವಲಯದ ಕಾರ್ಖಾನೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ನಮಗೆ ಕೊಟ್ಟಿರುವುದು 192.168.20.0/24 ಒಂದೇ. ಉತ್ಪಾದನಾ ವಿಭಾಗದಲ್ಲಿ 100 ಸಾಧನಗಳಿವೆ, ಗೋದಾಮಿನಲ್ಲಿ 50, ಲ್ಯಾಬಿನಲ್ಲಿ 28, ಅಕೌಂಟ್ಸ್‌ನಲ್ಲಿ 10. ವಿಜಯವಾಡ ಕಚೇರಿಗೆ ಹೋಗುವ ಲಿಂಕ್‌ಗೆ 2 ವಿಳಾಸ ಬೇಕು. ಅಕೌಂಟ್ಸ್‌ಗೆ 0ಯಿಂದ 15 ಕೊಟ್ಟು, ಲ್ಯಾಬಿಗೆ 192.168.20.17/27 ಹಾಕಿದರೆ ರೌಟರ್ `overlaps` ಎಂದು ತಿರಸ್ಕರಿಸುತ್ತದೆ. ಯಾಕೆ?
— ಓದುಗ, ಅಚ್ಯುತಾಪುರಂ

ಉತ್ತರ: /27 ಎಂದರೆ 32 ವಿಳಾಸಗಳ ತುಂಡು. ಅದು 0, 32, 64 ಹೀಗೆ 32ರ ಗುಣಕದಲ್ಲೇ ಶುರುವಾಗಬೇಕು. 17 ಎಂದು ನೀವು ಬರೆದರೂ ರೌಟರ್ ಅದನ್ನು 0ಯಿಂದ 31ರ ತುಂಡಿನೊಳಗಿನ ವಿಳಾಸವೆಂದೇ ಓದುತ್ತದೆ. ಅಲ್ಲಿ ಅಕೌಂಟ್ಸ್ ಆಗಲೇ ಕೂತಿದೆ.

ಹಾಗಾಗಿ ದೊಡ್ಡದರಿಂದ ಹೊರಡಿ. ಪ್ರತಿ ವಿಭಾಗದ ಲೆಕ್ಕಕ್ಕೆ ಮೂರು ಸೇರಿಸಿ: ನೆಟ್‌ವರ್ಕ್ ವಿಳಾಸ, ಬ್ರಾಡ್‌ಕಾಸ್ಟ್ ವಿಳಾಸ, ಗೇಟ್‌ವೇ. ಗೇಟ್‌ವೇಯನ್ನು ಎಣಿಸಲು ಮರೆಯುವವರೇ ಹೆಚ್ಚು. ಉತ್ಪಾದನೆಗೆ 103 ಬೇಕು; 64 ಸಾಲದು, 128 ಸಾಕು, ಅಂದರೆ /25. ಅದು 127ಕ್ಕೆ ಮುಗಿಯುತ್ತದೆ. ಗೋದಾಮಿಗೆ 53, ಆದ್ದರಿಂದ 64ರ ತುಂಡು. 128ರಿಂದ ಶುರು, ಮತ್ತು 128 ತಾನಾಗಿಯೇ 64ರ ಗುಣಕ. ಲ್ಯಾಬಿಗೆ 31, ಅಂದರೆ 32ರ ತುಂಡು. ಅಕೌಂಟ್ಸ್‌ಗೆ 13, ಅಂದರೆ 16ರದು. ಲಿಂಕ್‌ನ ಎರಡೂ ತುದಿಯಲ್ಲಿ ರೌಟರ್‌ಗಳೇ ಇರುವುದರಿಂದ ಬೇರೆ ಗೇಟ್‌ವೇ ಬೇಡ, 4 ಸಾಕು.

```
ಉತ್ಪಾದನೆ   192.168.20.0/25     0-127
ಗೋದಾಮು    192.168.20.128/26   128-191
ಲ್ಯಾಬ್      192.168.20.192/27   192-223
ಅಕೌಂಟ್ಸ್    192.168.20.224/28   224-239
ಲಿಂಕ್       192.168.20.240/30   240-243
```

ಚಿಕ್ಕದರಿಂದ ಶುರು ಮಾಡಿದರೂ ಗುಣಕ ತಪ್ಪದಂತೆ ಜಾಗ ಬಿಟ್ಟುಕೊಂಡು ಹೋದರೆ ಹೊಂದಿಸಬಹುದು. ಆದರೆ ಉಳಿದ ಜಾಗ ನಡುನಡುವೆ ಚೂರುಚೂರಾಗುತ್ತದೆ. ದೊಡ್ಡದರಿಂದ ಇಳಿದರೆ ಅದೆಲ್ಲ ಕೊನೆಯಲ್ಲಿ ಒಟ್ಟಿಗೆ ಸಿಗುತ್ತದೆ. ನಿಮಗೆ ಇಲ್ಲಿ 244ರಿಂದ 255 ಉಳಿಯಿತು.

ಜೋಡಿಸಿದ ಮೇಲೆ ಪ್ರತಿ ಕಂಪ್ಯೂಟರಿನ ಮಾಸ್ಕ್ ನೋಡಿ. ಗೋದಾಮಿನ ಒಂದು ಯಂತ್ರದಲ್ಲಿ ಹಳೆಯ 255.255.255.0 ಉಳಿದಿದ್ದರೆ, ಲ್ಯಾಬ್ ತನ್ನ ನೆಟ್‌ವರ್ಕಿನಲ್ಲೇ ಇದೆ ಎಂದು ಅದು ನಂಬುತ್ತದೆ. ಗೇಟ್‌ವೇ ಹತ್ತಿರ ಹೋಗದೆ ನೇರವಾಗಿ ಕೂಗಿ ಸುಮ್ಮನಾಗುತ್ತದೆ. ಇಂಟರ್‌ನೆಟ್ ನಡೆಯುತ್ತದೆ, ಲ್ಯಾಬಿನ ಸರ್ವರ್ ಮಾತ್ರ ಸಿಗುವುದಿಲ್ಲ. ಹೀಗಾದರೆ ಮೊದಲು ಮಾಸ್ಕನ್ನೇ ಅನುಮಾನಿಸಿ. ರೌಟರಿನಲ್ಲಿ ಪ್ರಾಕ್ಸಿ ಎಆರ್‌ಪಿ ಚಾಲೂ ಇದ್ದರೆ ಲ್ಯಾಬಿನ ಪರವಾಗಿ ಅದೇ ಉತ್ತರಿಸುತ್ತದೆ, ತಪ್ಪು ತಿಂಗಳುಗಟ್ಟಲೆ ಅಡಗಿರಬಹುದು. ವಿಜಯವಾಡದ ಕಡೆ ಆರ್‌ಐಪಿ ಓಡಿಸುತ್ತಿದ್ದರೆ ಎರಡನೆಯ ಆವೃತ್ತಿಯೇ ಬೇಕು. ಮೊದಲನೆಯದು ಮಾಸ್ಕನ್ನು ಕಳಿಸುವುದೇ ಇಲ್ಲ.

ನನಗೆ ಚಿಂತೆ ಇರುವುದು ಲ್ಯಾಬಿನದು. ಅಲ್ಲಿ ಇನ್ನೊಂದು ಉಪಕರಣಕ್ಕಷ್ಟೇ ಜಾಗವಿದೆ, ಪಕ್ಕದ 224ರಲ್ಲಿ ಅಕೌಂಟ್ಸ್ ಇದೆ. 30 ಆಗುವ ಸೂಚನೆ ಇದ್ದರೆ ಅದಕ್ಕೆ 64ರ ತುಂಡೇ ಬೇಕು. ಆಗ 128, 64, 64 ಸೇರಿ ಇಡೀ 256 ಮುಗಿದು, ಅಕೌಂಟ್ಸ್‌ಗೂ ಲಿಂಕ್‌ಗೂ ಏನೂ ಉಳಿಯದು. ಕೇಬಲ್ ಎಳೆಯುವ ಮೊದಲೇ ಲ್ಯಾಬಿನವರನ್ನು ಕೇಳಿ, ಬೇಕಿದ್ದರೆ /23 ಕೇಳಿ ಪಡೆಯಿರಿ.