ಒಂದು ದಿನದ ಕ್ಯಾಡ್ ಕಾರ್ಯಾಗಾರ: ಪ್ಲೇಟ್‌ನಿಂದ ಫ್ಲಾಂಜ್‌ವರೆಗೆ

ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಕಾಗದದ ಮೇಲಿನ ನಕ್ಷೆ ಹೊಸದಲ್ಲ. ವರ್ನಿಯರ್ ಹಿಡಿದು ಅಳೆಯುವುದೂ ಅವರಿಗೆ ಗೊತ್ತು. ಅವರಿಗೆ ಕ್ಯಾಡ್ ಪರಿಚಯಿಸುವ ಒಂದು ದಿನದ ಕಾರ್ಯಾಗಾರದಲ್ಲಿ ಕಲಿಸಬೇಕಾದ ಮುಖ್ಯ ಸಂಗತಿ ಬಟನ್‌ಗಳ ಪಟ್ಟಿಯಲ್ಲ. ಒಂದು ಆಕೃತಿ ಅಲುಗಾಡದಂತೆ ನಿಲ್ಲಲು ಎಷ್ಟು ಅಳತೆ ಬೇಕು, ಅವು ಯಾವುವು, ಎಲ್ಲಿಂದ ಎಲ್ಲಿಗೆ ಎಂಬುದನ್ನು ಅವರು ತೀರ್ಮಾನಿಸಲು ಕಲಿತರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ. ಕೆಳಗಿನ ಯೋಜನೆ ಉದ್ಯಾವರದಲ್ಲಿ ಇಪ್ಪತ್ತು ಮಂದಿಗೆ ನಡೆಸಬಹುದಾದಂಥದ್ದು. ಮೂರೂ ಅಭ್ಯಾಸಗಳು ಉಚಿತವಾಗಿ ಸಿಗುವ ಫ್ರೀಕ್ಯಾಡ್ ತಂತ್ರಾಂಶದ 1.0 ಆವೃತ್ತಿಗೆ ಹೊಂದುತ್ತವೆ. ಪರವಾನಗಿಯ ಖರ್ಚಿಲ್ಲದ ಕಾರಣ ವಿದ್ಯಾರ್ಥಿಗಳು ಅದನ್ನು ಮನೆಯ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು.

ಹಿಂದಿನ ದಿನದ ಕೆಲಸ

ಇಬ್ಬರಿಗೆ ಒಂದರಂತೆ ಹತ್ತು ಕಂಪ್ಯೂಟರ್ ಸಾಕು. ಒಬ್ಬರು ಮೌಸ್ ಹಿಡಿದಾಗ ಇನ್ನೊಬ್ಬರು ಅಳತೆ ಓದಿ ಹೇಳಬೇಕು, ಪ್ರತಿ ಅಭ್ಯಾಸಕ್ಕೂ ಜಾಗ ಬದಲಾಗಬೇಕು. 8 ಜಿಬಿ ರ‍್ಯಾಮ್ ಇದ್ದರೆ ಈ ಅಭ್ಯಾಸಗಳು ಸರಾಗವಾಗಿ ನಡೆಯುತ್ತವೆ. ಲ್ಯಾಪ್‌ಟಾಪ್ ತರುವವರೂ ಚಕ್ರವಿರುವ ಮೌಸ್ ತರಲೇಬೇಕು. ಟಚ್‌ಪ್ಯಾಡಿನಲ್ಲಿ ಆಕೃತಿಯನ್ನು ತಿರುಗಿಸಿ ನೋಡುವ ಕಷ್ಟಕ್ಕೇ ಅರ್ಧ ಬೆಳಗ್ಗೆ ಮುಗಿದುಹೋಗುತ್ತದೆ.

ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಆವೃತ್ತಿಯನ್ನು ಪೆನ್‌ಡ್ರೈವ್‌ನಿಂದ ಹಾಕಿ, ಅಳತೆಯ ಘಟಕ ಮಿಲಿಮೀಟರ್ ಎಂದು ಖಚಿತಪಡಿಸಿಕೊಳ್ಳಬೇಕು. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲ್ ಹಳೆಯದರಲ್ಲಿ ಸರಿಯಾಗಿ ತೆರೆಯದೆ ಹೋಗಬಹುದು. ಮಳೆಗಾಲದಲ್ಲಿ ಕರಾವಳಿಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಯುಪಿಎಸ್ ಇಲ್ಲದ ಕಡೆ ಪ್ರತಿ ಹಂತದ ಕೊನೆಗೆ Ctrl+S ಒತ್ತುವ ಅಭ್ಯಾಸವನ್ನು ಮೊದಲ ಗಂಟೆಯಲ್ಲೇ ಹಾಕಿಸಬೇಕು. ಕಾರ್ಕಳ ಕಡೆಯಿಂದ ಬರುವವರಿಗೆ ದಾರಿ ಉದ್ದ, ಆದ್ದರಿಂದ ಆರಂಭ 9.30ಕ್ಕಿರಲಿ.

ಮೊದಲ ಅಭ್ಯಾಸ: ಎರಡು ತೂತಿನ ಪ್ಲೇಟ್ (11.15ರವರೆಗೆ)

ತಿರುಗಿಸುವುದು, ಹತ್ತಿರ ತರುವುದು, ಸರಿಸುವುದು ಇಷ್ಟನ್ನು ಇಪ್ಪತ್ತು ನಿಮಿಷ ತೋರಿಸಿ ನೇರ ಕೆಲಸಕ್ಕಿಳಿಯುವುದು ಒಳ್ಳೆಯದು. ಪ್ಲೇಟ್ 80 × 50 ಮಿ.ಮೀ., ದಪ್ಪ 6. ಎರಡು 10 ಮಿ.ಮೀ. ತೂತುಗಳು, ಕೇಂದ್ರಗಳ ನಡುವೆ 50. Part Design ವಿಭಾಗದಲ್ಲಿ ಹೊಸ Body ತೆರೆದು, XY ಸಮತಲದಲ್ಲಿ ಮೂಲಬಿಂದುವಿಗೂ ಅಕ್ಷಗಳಿಗೂ ತಾಗಿಸದೆ ಒಂದು ಆಯತ ಮತ್ತು ಎರಡು ವೃತ್ತಗಳನ್ನು ಕೈಬಂದಂತೆ ಎಳೆಯಲು ಹೇಳಬೇಕು. ಆಗ ತಂತ್ರಾಂಶ ಉಳಿದಿರುವ ಚಲನ ಸ್ವಾತಂತ್ರ್ಯಗಳು 10 ಎಂದು ತೋರಿಸುತ್ತದೆ. ಆಯತಕ್ಕೆ ನಾಲ್ಕು: ಅಡ್ಡ ಸರಿಯುವುದು, ಮೇಲೆ ಕೆಳಗೆ ಸರಿಯುವುದು, ಉದ್ದ, ಅಗಲ. ಪ್ರತಿ ವೃತ್ತಕ್ಕೆ ಮೂರು: ಕೇಂದ್ರದ ಎರಡು ದಿಕ್ಕು ಮತ್ತು ವ್ಯಾಸ.

ಈ ಹತ್ತನ್ನು ಸೊನ್ನೆಗೆ ಇಳಿಸುವುದೇ ಪಾಠ. ಆಯತದ ಎದುರುಬದುರು ಮೂಲೆಗಳನ್ನು ಮೂಲಬಿಂದುವಿಗೆ ಸಮ್ಮಿತವಾಗಿಸಿದರೆ ಎರಡು ಹೋಗುತ್ತವೆ. 80 ಮತ್ತು 50 ಬರೆದರೆ ಇನ್ನೆರಡು. ವೃತ್ತಕೇಂದ್ರಗಳನ್ನು ಮೂಲಬಿಂದುವಿಗೆ ಸಮ್ಮಿತವಾಗಿಸಿದರೆ ಎರಡು, ಒಂದು ಕೇಂದ್ರವನ್ನು ಅಡ್ಡ ಅಕ್ಷದ ಮೇಲಿಟ್ಟರೆ ಒಂದು, ನಡುವಿನ ಅಂತರಕ್ಕೆ ಒಂದು, ವೃತ್ತಗಳು ಸಮ ಎಂದರೆ ಒಂದು, ವ್ಯಾಸ 10 ಎಂದರೆ ಕೊನೆಯದು. ಗೆರೆಗಳೆಲ್ಲ ಹಸಿರಾಗಿ Fully constrained ಎಂದು ಬರುತ್ತದೆ. ಬಳಿಕ Pad ಆರಿಸಿ 6 ಎಂದು ಕೊಟ್ಟರೆ ಪ್ಲೇಟ್ ಸಿದ್ಧ.

ಇಲ್ಲಿ ಹಲವರು ಎರಡೂ ಕೇಂದ್ರಗಳನ್ನು ಅಕ್ಷದ ಮೇಲಿಟ್ಟು, ಸಮ್ಮಿತವನ್ನೂ ಹಾಕುತ್ತಾರೆ. ಒಂದು ಕೇಂದ್ರ ಅಕ್ಷದ ಮೇಲಿದ್ದು ಸಮ್ಮಿತವೂ ಇದ್ದರೆ ಎರಡನೆಯದು ತಾನಾಗಿಯೇ ಅಲ್ಲಿಗೆ ಬರುತ್ತದೆ. ಹಾಗಾಗಿ ತಂತ್ರಾಂಶ ಒಂದು ನಿರ್ಬಂಧ ಹೆಚ್ಚಾಗಿದೆಯೆಂದು ದೂರುತ್ತದೆ. ಮಾರ್ಗದರ್ಶಕರು ಅದನ್ನು ತಾವೇ ಅಳಿಸಿಕೊಡಬಾರದು. ಯಾವುದು ಹೆಚ್ಚು, ಏಕೆ ಎಂದು ವಿದ್ಯಾರ್ಥಿಯ ಬಾಯಲ್ಲೇ ಹೇಳಿಸಬೇಕು. ನಕ್ಷೆಯಲ್ಲಿ ಒಂದೇ ಅಳತೆಯನ್ನು ಎರಡು ಕಡೆ ಬರೆಯಬಾರದೆಂಬ ನಿಯಮದ ಕಾರಣ ಅವರಿಗೆ ಆಗ ನಿಜವಾಗಿ ಹೊಳೆಯುತ್ತದೆ.

ಹತ್ತು ಪರದೆಗಳನ್ನು ಕಣ್ಣಲ್ಲಿ ನೋಡಿ ಪರೀಕ್ಷಿಸುವುದಕ್ಕಿಂತ ಘನಗಾತ್ರ ಕೇಳುವುದು ನಂಬಲರ್ಹ. ಪೈಥಾನ್ ಕನ್ಸೋಲ್ ತೆರೆದು ಈ ಸಾಲು ಬರೆಸಬೇಕು:

```
App.ActiveDocument.Body.Shape.Volume
```

ಉತ್ತರ ಸುಮಾರು 23057.5 ಘನ ಮಿ.ಮೀ. ಬಂದರೆ ಗಾತ್ರ ಸರಿ. 24000 ಬಂದರೆ ತೂತು ಬಿದ್ದಿಲ್ಲ. ತೂತು ಜಾಗ ತಪ್ಪಿದ್ದರೂ ಘನಗಾತ್ರ ಬದಲಾಗದು ಎಂಬುದು ಈ ಪರೀಕ್ಷೆಯ ಮಿತಿ. ಅದಕ್ಕೆ ಹಸಿರು ಗೆರೆ ಮತ್ತು ಬರೆದ ಅಳತೆಗಳನ್ನು ನೋಡಲೇಬೇಕು.

ಎರಡನೆಯ ಅಭ್ಯಾಸ: ಎಲ್ ಬ್ರಾಕೆಟ್ (1 ಗಂಟೆಯವರೆಗೆ)

ಅಡ್ಡ ಕಾಲು 60, ನಿಂತ ಕಾಲು 40, ದಪ್ಪ 5, ಅಗಲ 50 ಮಿ.ಮೀ. ಎಲ್ ಆಕಾರವನ್ನು XZ ಸಮತಲದಲ್ಲಿ, ಹೊರಮೂಲೆ ಮೂಲಬಿಂದುವಿನಲ್ಲಿ ಇರುವಂತೆ ಬರೆದು, ಎರಡೂ ಬದಿಗೆ ಸಮನಾಗಿ 50 ಎಳೆಯಬೇಕು. ಅಡ್ಡ ಕಾಲಿನ 10 ಮಿ.ಮೀ. ತೂತನ್ನು XY ಸಮತಲದಲ್ಲಿ ಮೂಲೆಯಿಂದ 40ಕ್ಕೆ, ನಿಂತ ಕಾಲಿನದನ್ನು YZ ಸಮತಲದಲ್ಲಿ 25ಕ್ಕೆ ಬರೆದು Pocket ಮಾಡಬೇಕು. ತೂತಿನ ಸ್ಕೆಚ್‌ಗಳನ್ನು ಬ್ರಾಕೆಟ್ಟಿನ ಮೈಮೇಲೆ ಬರೆಯದೆ ಮೂಲ ಸಮತಲಗಳಲ್ಲೇ ಬರೆಸುವುದು ಉತ್ತಮ. ಮೈಯ ಮುಖಗಳು ಮುಂದಿನ ತಿದ್ದುಪಡಿಗಳಲ್ಲಿ ಬದಲಾದರೂ ಮೂಲ ಸಮತಲಗಳು ಬದಲಾಗುವುದಿಲ್ಲ. Pocket ಕೊಟ್ಟರೂ ಏನೂ ಕೊರೆಯದಿದ್ದರೆ ಕೊರೆತ ಖಾಲಿ ಬದಿಗೆ ಹೋಗಿದೆ ಎಂದರ್ಥ, Reversed ಗುರುತಿಸಿದರೆ ಸರಿಯಾಗುತ್ತದೆ. ಘನಗಾತ್ರ 22964.6 ಬರಬೇಕು.

ನಿಜವಾದ ಪರೀಕ್ಷೆ ಇದಾದ ಮೇಲೆ. ಅಡ್ಡ ಕಾಲನ್ನು 60ರಿಂದ 75ಕ್ಕೆ ಬದಲಿಸಲು ಹೇಳಬೇಕು. ತೂತಿನ ಅಳತೆ ಮೂಲೆಯಿಂದ ಕೊಟ್ಟಿದ್ದರೆ ತೂತು ಕದಲದು. ತುದಿಯಿಂದ ಕೊಟ್ಟಿದ್ದರೆ ಕಾಲಿನ ಜೊತೆಗೆ ಸರಿಯುತ್ತದೆ. ಎರಡರಲ್ಲಿ ಯಾವುದು ಬೇಕೆಂಬುದನ್ನು ಬ್ರಾಕೆಟ್ ಎಲ್ಲಿ ಕೂರುತ್ತದೆ ಎಂಬುದು ನಿರ್ಧರಿಸುತ್ತದೆ. ಹೊಸ ಘನಗಾತ್ರ 26714.6. ಸಮಯ ಕಡಿಮೆಬಿದ್ದರೆ ನಿಂತ ಕಾಲಿನ ತೂತನ್ನು ಬಿಡಬಹುದು, ಈ ಬದಲಾವಣೆಯನ್ನು ಬಿಡಬಾರದು.

ಮೂರನೆಯ ಅಭ್ಯಾಸ: ಅಳೆದು ಬರೆಯುವ ಫ್ಲಾಂಜ್ (ಊಟದ ನಂತರ)

ಮಲ್ಪೆ ಬಂದರಿನ ಮೀನುಗಾರಿಕೆ ಬೋಟುಗಳಲ್ಲಿ ಎಂಜಿನ್ನಿನ ಬದಿಗೆ ಪ್ರೊಪೆಲರ್ ಶಾಫ್ಟನ್ನು ಜೋಡಿಸುವ ದುಂಡು ಫ್ಲಾಂಜ್ ಈ ಭಾಗದವರಿಗೆ ಪರಿಚಿತ ವಸ್ತು. ಬಳಸಿ ಬಿಟ್ಟ ಒಂದೆರಡನ್ನು ತೊಳೆದು ಮೇಜಿನ ಮೇಲಿಟ್ಟರೆ ಸಾಕು, ಈ ಸಲ ನಕ್ಷೆ ಕೊಡಬಾರದು. ವರ್ನಿಯರ್ ಮತ್ತು ಹಾಳೆ ಕೊಟ್ಟು ಅರ್ಧ ಗಂಟೆ ಅಳೆಯಲು ಬಿಡಬೇಕು. ಉದಾಹರಣೆಗೆ ಹೊರವ್ಯಾಸ 120, ದಪ್ಪ 16, ನಡುತೂತು 35, ನಾಲ್ಕು ಬೋಲ್ಟ್ ತೂತುಗಳು 12 ಎಂದು ಸಿಕ್ಕಿತೆನ್ನಿ. ಬೋಲ್ಟ್ ತೂತುಗಳ ಕೇಂದ್ರವೃತ್ತದ ವ್ಯಾಸವನ್ನು ನೇರವಾಗಿ ಅಳೆಯಲಾಗದು. ಎದುರುಬದುರು ತೂತುಗಳ ಒಳಅಂಚುಗಳ ನಡುವೆ 78 ಇದ್ದರೆ, ಅದಕ್ಕೆ ಒಂದು ತೂತಿನ ವ್ಯಾಸ 12 ಕೂಡಿಸಿದರೆ 90. ಈ ಲೆಕ್ಕವನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುವವರೆಗೆ ಕಾಯುವುದು ಒಳ್ಳೆಯದು.

ಒಂದೇ ಬೋಲ್ಟ್ ತೂತನ್ನು ಕೊರೆದು, Polar Pattern ಮೂಲಕ 360 ಡಿಗ್ರಿಯಲ್ಲಿ ನಾಲ್ಕಾಗಿಸಬೇಕು. ತೂತುಗಳು ಕಾಣದೆ ಹೋದರೆ ತಿರುಗುವ ಅಕ್ಷ ತಪ್ಪಿದೆ. ಫ್ಲಾಂಜ್ XY ಸಮತಲದಲ್ಲಿದ್ದರೆ ಅಕ್ಷ Z ಆಗಬೇಕು. ಈ ಅಳತೆಗಳಿಗೆ ಘನಗಾತ್ರ 158323.7. ಕೀವೇ ಇರುವ ಫ್ಲಾಂಜ್ ಸಿಕ್ಕರೆ ಅದನ್ನು ಬೇಗ ಮುಗಿಸಿದವರಿಗೆ ಉಳಿಸಿಡಬಹುದು.

ಕೊನೆಯ ಒಂದು ಗಂಟೆ TechDraw ವಿಭಾಗದಲ್ಲಿ ಎ4 ನಕ್ಷೆಗೆ ಮೀಸಲು: ಒಂದು ಎದುರು ನೋಟ, ಒಂದು ಛೇದ ನೋಟ, ಅಳತೆಗಳು, ಪಿಡಿಎಫ್. ನಮ್ಮ ಐಟಿಐಗಳಲ್ಲಿ ಕಲಿಸುವುದು ಪ್ರಥಮ ಕೋನ ಪ್ರಕ್ಷೇಪ, ತಂತ್ರಾಂಶದಲ್ಲೂ ಅದೇ ಆಯ್ಕೆಯಾಗಿದೆಯೇ ಎಂದು ನೋಡಬೇಕು. ನಂತರ ಜೋಡಿಗಳು ನಕ್ಷೆಗಳನ್ನು ಅದಲುಬದಲು ಮಾಡಿಕೊಂಡು, ಬೇರೆಯವರ ನಕ್ಷೆಯನ್ನು ಮಾತ್ರ ನೋಡಿ ಫ್ಲಾಂಜನ್ನು ಹೊಸ ಫೈಲಿನಲ್ಲಿ ಕಟ್ಟಬೇಕು. ಎಲ್ಲಿ ಕೈ ನಿಂತು ಪ್ರಶ್ನೆ ಕೇಳಬೇಕಾಗುತ್ತದೆಯೋ ಅಲ್ಲಿ ಒಂದು ಅಳತೆ ಬಿಟ್ಟುಹೋಗಿದೆ. ಆ ಜಾಗವನ್ನು ಕೆಂಪು ಪೆನ್ನಿನಲ್ಲಿ ಗುರುತಿಸಿ ನಕ್ಷೆಯನ್ನು ಬರೆದವರಿಗೆ ಹಿಂತಿರುಗಿಸಿದರೆ, ತಿದ್ದಿದ ಪಿಡಿಎಫ್ ಆ ದಿನದ ಕೊನೆಯ ಕೆಲಸ.